ಪೌತಿ ನೋಟಿಸು: ಮದುವೆಯಾಗಿ ಹೋದ ಮಗಳಿಗೂ ತಿಳಿಯುವ ಹಾಗೆ ಬರೆಯುವುದು ಹೇಗೆ?

ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆ ಯಾವ ಹಳ್ಳಿಗೆ ಹೋದರೂ ತೀರಿಕೊಂಡವರ ಹೆಸರಲ್ಲೇ ಉಳಿದ ಪಹಣಿಗಳು ಸಿಗುತ್ತವೆ. ಅಪ್ಪ ಹೋಗಿ ಹತ್ತು ವರ್ಷ ಆಗಿರುತ್ತದೆ, ಕೆಲವು ಕಡೆ ಅಜ್ಜನ ಹೆಸರೇ ಇರುತ್ತದೆ. ಬೆಳೆ ಸಾಲ, ಬೆಳೆ ಪರಿಹಾರ, ಮಾರಾಟ, ಯಾವುದಕ್ಕೆ ಹೋದರೂ ಅಲ್ಲಿ ಕೆಲಸ ನಿಲ್ಲುತ್ತದೆ. ಇಂಥ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಶುರು ಮಾಡಿತು. ಪೌತಿ ಅರ್ಜಿ ಜಾಸ್ತಿಯಾದಷ್ಟೂ ಆ ಅರ್ಜಿಯ ವಿಷಯವನ್ನು ಊರಿಗೆ ತಿಳಿಸುವ ಪೌತಿ ನೋಟಿಸುಗಳೂ ಜಾಸ್ತಿಯಾಗುತ್ತವೆ. ಈ ನೋಟಿಸು ಯಾರಿಗಾಗಿ ಇದೆಯೋ ಅವರಿಗೇ ಅದು ತಿಳಿಯುವುದಿಲ್ಲ ಅನ್ನುವುದು ಇಲ್ಲಿನ ತಕರಾರು.

ಮೊದಲು ಇದರ ಕಾನೂನು ಸ್ವಲ್ಪ ನೋಡೋಣ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 129ನೇ ಕಲಮಿನಂತೆ, ಪಹಣಿಯಲ್ಲಿ ಹೆಸರು ಬದಲಿಸುವ ಮೊದಲು, ಹಕ್ಕು ಬದಲಾವಣೆ ರಿಜಿಸ್ಟರಿನಲ್ಲಿ ಬರೆದದ್ದರ ಪೂರ್ತಿ ನಕಲನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚಬೇಕು. ದಾಖಲೆ ನೋಡಿದರೆ ಯಾರ್‍ಯಾರಿಗೆ ಸಂಬಂಧ ಇದೆ ಎಂದು ಕಾಣುತ್ತದೋ ಅವರಿಗೆ, ಸಂಬಂಧ ಇದೆ ಎಂದು ಅಧಿಕಾರಿ ನಂಬಲು ಕಾರಣ ಇರುವ ಬೇರೆಯವರಿಗೂ ಬರಹದಲ್ಲಿ ತಿಳಿಸಬೇಕು. ಈ ಎರಡನೆಯ ಮಾತಿನಲ್ಲಿ 'ದಾಖಲೆ ನೋಡಿದರೆ' ಅನ್ನುವುದು ಮುಖ್ಯ. ಅರ್ಜಿಯಲ್ಲಿ ಹೆಸರೇ ಬರೆಸದ ಮಗಳು ದಾಖಲೆಯಲ್ಲಿ ಕಾಣುವುದಿಲ್ಲ. ಅವಳಿದ್ದಾಳೆ ಎಂದು ಅಧಿಕಾರಿಗೂ ಗೊತ್ತಿಲ್ಲದಿದ್ದರೆ ಅವಳ ಮನೆಗೆ ನೋಟಿಸು ಹೋಗುವುದಿಲ್ಲ. ಅವಳಿಗೆ ಉಳಿಯುವ ದಾರಿ ಒಂದೇ. ಚಾವಡಿಯ ಗೋಡೆ ನೋಡಿದ ಯಾರೋ ಒಬ್ಬರು ಫೋನ್ ಮಾಡಿ ಹೇಳಬೇಕು. ಹೇಳಬೇಕಾದರೆ ಮೊದಲು ಆ ಯಾರೋ ಒಬ್ಬರಿಗೆ ಅದು ತಿಳಿಯಬೇಕು, ಅಲ್ವಾ?

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಊರು ಸಿಂಧನೂರು ತಾಲ್ಲೂಕಿನದು. ಹನುಮಂತಪ್ಪ ತೀರಿಕೊಂಡಿದ್ದಾರೆ. ಹೆಂಡತಿ ಶರಣಮ್ಮ, ಗಂಡುಮಕ್ಕಳು ಅಮರೇಶ ಮತ್ತು ವೀರೇಶ. ಮಗಳು ಹುಲಿಗೆಮ್ಮ ಮದುವೆಯಾಗಿ ಕುಷ್ಟಗಿ ಕಡೆ ಇದ್ದಾಳೆ. ಅರ್ಜಿಯಲ್ಲಿ ಮೂವರ ಹೆಸರಿದೆ, ಹುಲಿಗೆಮ್ಮನದು ಇಲ್ಲ. ನೋಟಿಸು ಸಾಮಾನ್ಯವಾಗಿ ಕಚೇರಿಗಳಲ್ಲಿ ಕಾಣುವ ಧಾಟಿಯಲ್ಲಿ ಹೀಗಿದೆ ಎಂದುಕೊಳ್ಳಿ:

"ಈ ಮೂಲಕ ಸರ್ವ ಸಂಬಂಧಿತರಿಗೆ ತಿಳಿಯಪಡಿಸುವುದೇನೆಂದರೆ, ಸಿಂಧನೂರು ತಾಲ್ಲೂಕು ಮೇಲ್ಕಾಣಿಸಿದ ಗ್ರಾಮದ ಸರ್ವೆ ನಂ. 112/2, ವಿಸ್ತೀರ್ಣ 4 ಎಕರೆ 20 ಗುಂಟೆ ಜಮೀನಿನ ಖಾತೆದಾರರಾದ ಹನುಮಂತಪ್ಪ ಎಂಬುವವರು ಮರಣ ಹೊಂದಿರುವ ಹಿನ್ನೆಲೆಯಲ್ಲಿ, ಸದರಿಯವರ ವಾರಸುದಾರರೆಂದು ಪ್ರತಿಪಾದಿಸಿ ಶರಣಮ್ಮ, ಅಮರೇಶ ಮತ್ತು ವೀರೇಶ ಇವರುಗಳು ಪೌತಿ ಮೇರೆಗೆ ಹಕ್ಕು ಬದಲಾವಣೆ ಕೋರಿ ಅರ್ಜಿ ಸಲ್ಲಿಸಿದ್ದು, ಪ್ರಸ್ತಾಪಿತ ಹಕ್ಕು ಬದಲಾವಣೆಗೆ ಸಂಬಂಧಿಸಿದಂತೆ ಹಿತಾಸಕ್ತಿಯುಳ್ಳ ಯಾವುದೇ ವ್ಯಕ್ತಿಯ ಆಕ್ಷೇಪಣೆ ಇದ್ದಲ್ಲಿ ಈ ಪ್ರಕಟಣೆಯ ದಿನಾಂಕದಿಂದ 30 ದಿನಗಳೊಳಗಾಗಿ ಸೂಕ್ತ ದಾಖಲಾತಿಗಳೊಂದಿಗೆ ಲಿಖಿತವಾಗಿ ಸಕ್ಷಮ ಪ್ರಾಧಿಕಾರದ ಮುಂದೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಪರಿಭಾವಿಸಿ ನಿಯಮಾನುಸಾರ ಮುಂದಿನ ಕ್ರಮ ಜರುಗಿಸಲಾಗುವುದು."

ಇದನ್ನು ಸರಳ ಮಾಡಿ ಎಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಪದ ಬದಲಿಸುವುದು. ಮರಣ ಹೊಂದಿರುವ ಅನ್ನುವಲ್ಲಿ ತೀರಿಕೊಂಡ, ಲಿಖಿತವಾಗಿ ಅನ್ನುವಲ್ಲಿ ಬರೆದು, ಪರಿಭಾವಿಸಿ ಅನ್ನುವಲ್ಲಿ ತಿಳಿದುಕೊಂಡು. ಇಷ್ಟೆಲ್ಲ ಬದಲಿಸಿ ಮತ್ತೆ ಓದಿ ನೋಡಿ. ಉಸಿರು ಸ್ವಲ್ಪ ಹಗುರ ಆಗುತ್ತದೆ, ವಿಷಯ ಮಾತ್ರ ಅಲ್ಲೇ ಹೂತಿರುತ್ತದೆ. ಕಾರಣ, ಕಷ್ಟ ಇರುವುದು ಸಂಸ್ಕೃತ ಪದದಲ್ಲಿ ಅರ್ಧ ಮಾತ್ರ. ಉಳಿದರ್ಧ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಸಲ್ಲಿಸತಕ್ಕದ್ದು' ಸಿಗುವ ತನಕ ಓದುವವನು ಊರು, ಸರ್ವೆ ನಂಬರು, ನಾಲ್ಕು ಜನರ ಹೆಸರು, 30 ದಿನ, ದಾಖಲೆ, ಪ್ರಾಧಿಕಾರ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಅಷ್ಟು ಹೊತ್ತ ಮೇಲೆ, ಸಲ್ಲಿಸಬೇಕಾದವನು ತಾನೇ ಎಂದು ಅವನಿಗೆ ಅನ್ನಿಸುವುದೂ ಇಲ್ಲ.

ಇನ್ನೊಂದು ತಮಾಷೆ ಇದೆ. ಸಂಸ್ಕೃತ ಪದಗಳೆಲ್ಲ ಕಷ್ಟ ಅನ್ನುವುದೂ ಸರಿಯಲ್ಲ. ಅಧಿಕಾರಿ, ಗ್ರಾಮ, ದಿನ ಎಲ್ಲರಿಗೂ ತಿಳಿಯುತ್ತವೆ. ಆದರೆ ಗುಮಾಸ್ತರ ಪ್ರೀತಿಯ 'ಸದರಿ' ಅರಬ್ಬಿ-ಪಾರ್ಸಿ ಕಡೆಯಿಂದ ಬಂದದ್ದು. ಅದು ಸಂಸ್ಕೃತ ಅಲ್ಲವೇ ಅಲ್ಲ, ಆದರೂ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಾಗಾಗಿ ಪದ ಯಾವ ಭಾಷೆಯದು ಎಂದು ನೋಡುವುದರಿಂದ ಪ್ರಯೋಜನ ಇಲ್ಲ. ಈ ಊರಿನ ಜನ ಅದನ್ನು ಬಾಯಲ್ಲಿ ಆಡುತ್ತಾರಾ ಎಂದು ನೋಡಬೇಕು.

ಈ ಭಾಗದ ಮಟ್ಟಿಗೆ ಇದು ಇನ್ನೂ ಮುಖ್ಯ. ರಾಯಚೂರು, ಕೊಪ್ಪಳ ಎರಡೂ 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಅದಕ್ಕೇ ಜಮೀನಿನ ವಿಷಯದಲ್ಲಿ ಇಲ್ಲಿನ ಅಜ್ಜಿಯೂ ಆಡುವ ಮಾತು ಪೌತಿ, ತಕರಾರು, ವಾರಸುದಾರ, ರಸೀದಿ, ಹಾಜರು. ಪೌತಿ ಅಂದರೆ ಸಾವು ಅನ್ನುವ ಅರ್ಥದ ಅರಬ್ಬಿ ಮಾತು. ಅದನ್ನು ತೆಗೆದು 'ಮರಣಾನಂತರದ ಹಕ್ಕು ಬದಲಾವಣೆ' ಎಂದು ಬರೆದರೆ ಶುದ್ಧವಾಗಿ ಕಾಣಬಹುದು, ಯಾರಿಗೂ ತಿಳಿಯುವುದಿಲ್ಲ. ಅಚ್ಚಗನ್ನಡದ ಹುಮ್ಮಸ್ಸಿನಲ್ಲಿ ಹೊಸ ಪದ ಕಟ್ಟಿ ಹಾಕಿದರೂ ಅದೇ ಗತಿ. ಬಳ್ಳಾರಿಯ ಕತೆ ಸ್ವಲ್ಪ ಬೇರೆ. ಅದು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಸಿಂಧನೂರಿಗೆ ಸರಿಹೋದ ನೋಟಿಸನ್ನು ಸಿರುಗುಪ್ಪದಲ್ಲಿ ಹಚ್ಚುವ ಮೊದಲು ಅಲ್ಲಿನವರಿಂದ ಒಮ್ಮೆ ಓದಿಸಬೇಕು.

ಪದ ಉಳಿಸುವುದಕ್ಕೆ ನಾನು ಇಟ್ಟುಕೊಳ್ಳುವ ಅಳತೆ ಒಂದೇ. ಕಚೇರಿಯ ಕಿಟಕಿಯಲ್ಲಿ ನಿಂತಾಗ ಜನ ಯಾವ ಪದ ಹೇಳಿದರೆ ಕೆಲಸ ಮುಂದೆ ಹೋಗುತ್ತದೋ ಆ ಪದ ನೋಟಿಸಿನಲ್ಲಿ ಇರಲೇಬೇಕು. ಸರ್ವೆ ನಂಬರು, ಹಿಸ್ಸಾ, ಖಾತೆ, ಪಹಣಿ, ಪೌತಿ ಇವೆಲ್ಲ ಆ ಬಗೆಯವು. ಇವನ್ನು ಸರಳ ಮಾಡಲು ಹೋದರೆ ಓದಿದವನಿಗೆ ನೋಟಿಸು ತಿಳಿದೀತು, ಕಿಟಕಿಯಲ್ಲಿ ಅವನು ಏನು ಕೇಳುತ್ತಿದ್ದಾನೆಂದು ಕಚೇರಿಗೆ ತಿಳಿಯುವುದಿಲ್ಲ.

ಈಗ ನೋಟಿಸಿನ ಒಳಗೆ ಕೈ ಹಾಕೋಣ. ಶುರು ಮಾಡಬೇಕಾದದ್ದು ಅದರ ಮೊದಲ ಸಾಲಿನಿಂದ ಅಲ್ಲ. ಹುಲಿಗೆಮ್ಮನಿಂದ. ಈ ಕಾಗದ ತಿಳಿಯದೆ ಹೋದರೆ ಜಾಸ್ತಿ ಕಳೆದುಕೊಳ್ಳುವವಳು ಅವಳು. ಅವಳ ತಲೆಯಲ್ಲಿ ಬರುವ ಪ್ರಶ್ನೆಗಳ ಸಾಲೇ ನೋಟಿಸಿನ ಸಾಲಾಗಬೇಕು. ಯಾರ ಜಮೀನು? ಯಾರ ಹೆಸರಿಗೆ ಆಗ್ತಿದೆ? ನನಗೇನು ಸಂಬಂಧ? ನಾನೇನು ಮಾಡಬೇಕು, ಎಲ್ಲಿ, ಯಾವತ್ತಿನೊಳಗೆ? ಸುಮ್ನಿದ್ದರೆ ಏನಾಗುತ್ತದೆ?

ಮೂರನೆಯ ಪ್ರಶ್ನೆಗೆ ಮೂಲ ನೋಟಿಸು ಕೊಡುವ ಉತ್ತರ 'ಹಿತಾಸಕ್ತಿಯುಳ್ಳ ಯಾವುದೇ ವ್ಯಕ್ತಿ'. ಇಡೀ ನೋಟಿಸಿನಲ್ಲಿ ಅತಿ ಕೆಟ್ಟ ಸಾಲು ಇದು. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ಮದುವೆಯಾಗಿ ಬೇರೆ ಊರಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು 'ಹಿತಾಸಕ್ತಿಯುಳ್ಳ ವ್ಯಕ್ತಿ ಅಂದರೆ ನಾನೇ' ಎಂದು ಓದಿಕೊಳ್ಳುವುದಿಲ್ಲ. ಹಿಂದೂ ವಾರಸಾ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಗಂಡುಮಗನಷ್ಟೇ ಹಕ್ಕು ಬಂತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಅಪ್ಪ ಸ್ವಂತ ದುಡಿದು ಕೊಂಡ ಜಮೀನಾದರೂ, ಅವನು ಉಯಿಲು ಬರೆಯದೆ ತೀರಿಕೊಂಡರೆ ಮಗಳೂ ಮೊದಲ ಸಾಲಿನ ವಾರಸುದಾರಳೇ. ಇಷ್ಟೆಲ್ಲ ಕಾನೂನು ಇದ್ದೂ 'ಹಿತಾಸಕ್ತಿ' ಅನ್ನುವ ಒಂದು ಪದದ ಹಿಂದೆ ಅದು ಅಡಗಿ ಕೂತಿದೆ.

ಹಾಗಂತ ಅದನ್ನು ಒಡೆದು 'ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು' ಎಂದಷ್ಟೇ ಬರೆದರೆ ಇನ್ನೊಂದು ಎಡವಟ್ಟು. ಜಮೀನಿನ ಮೇಲೆ ಸಾಲ ಕೊಟ್ಟವರು ಇರಬಹುದು. ಹನುಮಂತಪ್ಪ ಬದುಕಿದ್ದಾಗ ಒಂದು ಎಕರೆ ಕೊಂಡವರು ಇರಬಹುದು. ಅವರ ತಾಯಿ ಇನ್ನೂ ಇರಬಹುದು. ಪಟ್ಟಿ ಮಾಡಿದ ಕೂಡಲೇ ಪಟ್ಟಿಯ ಹೊರಗಿದ್ದವರು 'ನಮಗಿಲ್ಲ' ಅಂದುಕೊಳ್ಳುತ್ತಾರೆ. ಸರಳ ಮಾಡುವವರು ಜಾಸ್ತಿ ಜಾರುವ ಜಾಗ ಇದೇ. ಅಗಲವಾದ ಮಾತನ್ನು ತಿಳಿಯುವಂತೆ ಮಾಡಲು ಹೋಗಿ ಕಿರಿದು ಮಾಡಿಬಿಡುತ್ತಾರೆ. ಇದಕ್ಕೆ ದಾರಿ ಇದೆ. ಉದಾಹರಣೆಗಳನ್ನು ಕೊಟ್ಟು, ಕೊನೆಗೆ 'ಬೇರೆ ಯಾರೇ ಆಗಲಿ' ಎಂದು ಬಾಗಿಲು ತೆರೆದಿಡಬೇಕು. ಯಾರಿಗೆ ಎಷ್ಟು ಪಾಲು ಎಂದು ಮಾತ್ರ ನೋಟಿಸಿನಲ್ಲಿ ಬರೆಯಲೇಬಾರದು. ಮುಸ್ಲಿಂ ಕುಟುಂಬದಲ್ಲಿ ಲೆಕ್ಕ ಬೇರೆ, ಉಯಿಲು ಇದ್ದ ಕಡೆ ಇನ್ನೂ ಬೇರೆ.

ಮುಂದಿನದು 'ಆಕ್ಷೇಪಣೆ'. ಇದಕ್ಕೆ ಇಲ್ಲಿ ಎಲ್ಲರೂ ಆಡುವ ಮಾತು ತಕರಾರು. ಸುಮ್ನೆ ಅದನ್ನೇ ಹಾಕಿದರಾಯಿತು ಅನ್ನಿಸುತ್ತದೆ. ಆದರೆ ತಕರಾರು ಅಂದರೆ ಮನೆಮಾತಿನಲ್ಲಿ ಜಗಳವೂ ಹೌದು. 'ಅಣ್ಣತಮ್ಮಂದಿರ ಮೇಲೆ ತಕರಾರು ಹಾಕೋದಾ? ನಾಳೆ ತವರಿಗೆ ಹೆಂಗ ಹೋಗ್ಲಿ?' ಎಂದು ಹುಲಿಗೆಮ್ಮ ಹಿಂದೆ ಸರಿಯಬಹುದು. ಅವಳಿಗೆ ಬೇಕಿರುವುದು ಜಗಳ ಅಲ್ಲ, ಪಹಣಿಯಲ್ಲಿ ತನ್ನ ಹೆಸರೂ ಇರಬೇಕು ಅಷ್ಟೇ. ಹಾಗಾಗಿ ಎರಡೂ ಪದ ಇಟ್ಟು, ಕೆಳಗೆ ಒಂದು ಸಾಲು ಸೇರಿಸುವುದು ಒಳ್ಳೆಯದು: 'ನನ್ನ ಹೆಸರೂ ಸೇರಿಸಿ' ಎಂದು ಕೇಳುವುದೂ ಆಕ್ಷೇಪಣೆಯೇ. ಈ ಸಾಲು ಮೂಲದಲ್ಲಿ ಇಲ್ಲ. ಆದರೂ ಅದರ ಅರ್ಥದೊಳಗೇ ಇದೆ. ಸರಳ ಬರಹ ಯಾವಾಗಲೂ ಚಿಕ್ಕದಾಗುತ್ತದೆ ಎಂದು ನಂಬಿದವರಿಗೆ ಇದು ಇಷ್ಟವಾಗುವುದಿಲ್ಲ. ಆಗದಿದ್ದರೆ ಆಗದಿರಲಿ.

'30 ದಿನಗಳೊಳಗಾಗಿ' ಅನ್ನುವುದು ತಿಳಿಯುವ ಮಾತೇ. ಆದರೆ ಲೆಕ್ಕವನ್ನು ಓದುವವನ ಮೇಲೆ ಹಾಕುತ್ತದೆ. ಅವಧಿ ಎಲ್ಲ ಬಗೆಯ ನೋಟಿಸಿಗೂ ಒಂದೇ ಇರುವುದಿಲ್ಲ, ನಮ್ಮ ಉದಾಹರಣೆಯಲ್ಲಿ 30 ಎಂದು ಇಟ್ಟುಕೊಂಡಿದ್ದೇವೆ. ಪ್ರಕಟಿಸಿದ್ದು 2026ರ ಜೂನ್ 3 ಆದರೆ ಆ ದಿನ ಬಿಟ್ಟು ಎಣಿಸಬೇಕು. ಮೂವತ್ತನೆಯ ದಿನ ಜುಲೈ 3, ಶುಕ್ರವಾರ. ಅದನ್ನೇ ಬರೆದುಬಿಡಬೇಕು, ವಾರದ ಹೆಸರಿನ ಸಮೇತ. ಹಳ್ಳಿಯಲ್ಲಿ ತಾರೀಖಿಗಿಂತ ವಾರ ಜಾಸ್ತಿ ನೆನಪಿರುತ್ತದೆ, ಸಂತೆ ನಡೆಯುವುದೇ ವಾರದ ಲೆಕ್ಕದಲ್ಲಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೋಟಿಸಿನ ಮೇಲೆ ಜೂನ್ 3 ಎಂದು ಇದೆ, ಚಾವಡಿಯಲ್ಲಿ ಹಚ್ಚಿದ್ದು ಜೂನ್ 10. ಆಗ ಯಾವುದು 'ಪ್ರಕಟಣೆಯ ದಿನಾಂಕ'? ಮೂಲ ವಾಕ್ಯ ಓದುವಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಒಂದು ತಾರೀಖು ಬರೆಯಬೇಕಾದಾಗ ಹೊಳೆಯುತ್ತದೆ. ಇದನ್ನು ಬರೆಯುವವನು ತಾನೇ ತೀರ್ಮಾನಿಸಬಾರದು, ಸಹಿ ಮಾಡುವ ಅಧಿಕಾರಿಯನ್ನೇ ಕೇಳಬೇಕು. 'ಸಕ್ಷಮ ಪ್ರಾಧಿಕಾರ'ದ ಕತೆಯೂ ಇದೇ. ಆ ಪ್ರಾಧಿಕಾರ ನಾಡಕಚೇರಿಯ ಉಪ ತಹಶೀಲ್ದಾರರಾ, ತಾಲ್ಲೂಕು ಕಚೇರಿಯ ತಹಶೀಲ್ದಾರರಾ? ಊಹಿಸಿ ಬರೆದರೆ ಹುಲಿಗೆಮ್ಮ ಕುಷ್ಟಗಿಯಿಂದ ಬಸ್ಸು ಹತ್ತಿ ಬಂದು ತಪ್ಪು ಬಾಗಿಲಲ್ಲಿ ನಿಲ್ಲುತ್ತಾಳೆ. ಬರೆಯುವವನ ಹತ್ತಿರ ಇಂಥ ಪ್ರಶ್ನೆಗಳ ಒಂದು ಚೀಟಿ ಉಳಿಯಲೇಬೇಕು. ಉಳಿಯದಿದ್ದರೆ ಎಲ್ಲೋ ಅವನೇ ಉತ್ತರ ಹುಟ್ಟಿಸಿದ್ದಾನೆ ಎಂದೇ ಅರ್ಥ.

'ಸೂಕ್ತ ದಾಖಲಾತಿ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೂಕ್ತ ಯಾವುದು ಎಂದು ಹೇಳದೆ ಸೂಕ್ತ ಎಂದರೆ ಜನ ಏಜೆಂಟರ ಹತ್ತಿರ ಹೋಗುತ್ತಾರೆ. ವಂಶವೃಕ್ಷ, ರೇಷನ್ ಕಾರ್ಡು, ಆಧಾರ್, ಶಾಲೆಯ ದಾಖಲೆ, ಇವುಗಳಲ್ಲಿ ಅಪ್ಪನ ಹೆಸರು ತೋರಿಸುವ ಯಾವುದಾದರೂ ತನ್ನಿ ಎಂದರೆ ಸಾಕು. ಕಾಗದ ಇಲ್ಲದಿದ್ದರೆ ಬರಲೇಬೇಡಿ ಅನ್ನುವ ಧ್ವನಿ ಬರಬಾರದು.

ಜಾಸ್ತಿ ಎಚ್ಚರ ಬೇಕಾದದ್ದು ಕೊನೆಯ ವಾಕ್ಯಕ್ಕೆ. 'ಆಕ್ಷೇಪಣೆ ಇಲ್ಲವೆಂದು ಪರಿಭಾವಿಸಿ' ಅನ್ನುವುದನ್ನು ಕೆಲವರು 'ನೀವು ಒಪ್ಪಿದ್ದೀರಿ ಎಂದು ತಿಳಿಯುತ್ತೇವೆ' ಎಂದು ಬರೆಯುತ್ತಾರೆ. ಕೇಳಲು ಸಲೀಸು, ಅರ್ಥದಲ್ಲಿ ಅಪಾಯ. ತಕರಾರು ಬಂದಿಲ್ಲ ಎಂದು ಮುಂದೆ ಹೋಗುವುದು ಬೇರೆ, ಮಗಳು ತನ್ನ ಹಕ್ಕು ಬಿಟ್ಟುಕೊಟ್ಟಳು ಅನ್ನುವುದು ಬೇರೆ. ಅದೇ ರೀತಿ 'ಜಮೀನು ಅವರದಾಗುತ್ತದೆ' ಎಂದೂ ಬರೆಯಬಾರದು. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೋದ ಮಾತ್ರಕ್ಕೆ ಸಾಯುವುದೂ ಇಲ್ಲ. ಕೋರ್ಟುಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಪಾಲಿನ ಜಗಳ ತೀರ್ಮಾನ ಆಗುವುದು ಸಿವಿಲ್ ಕೋರ್ಟಿನಲ್ಲಿ. ಆದ್ದರಿಂದ ಸರಿಯಾದ ಮಾತು ಇಷ್ಟೇ: 'ಪಹಣಿಯಲ್ಲಿ ಈ ಮೂವರ ಹೆಸರು ಬರೆಯುತ್ತೇವೆ'. ಯಾರು ಬರೆಯುತ್ತಾರೆ ಅನ್ನುವುದು 'ಜರುಗಿಸಲಾಗುವುದು' ಅನ್ನುವಲ್ಲಿ ಮಾಯವಾಗಿತ್ತು, ಇಲ್ಲಿ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ನೋಟಿಸು ಹೀಗಾಗುತ್ತದೆ:

"ಹನುಮಂತಪ್ಪ ಅವರ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಲಿದೆ. ಆಕ್ಷೇಪಣೆ (ತಕರಾರು) ಇದ್ದರೆ 2026 ಜುಲೈ 3, ಶುಕ್ರವಾರದ ಒಳಗೆ ಬರೆದು ಕೊಡಿ.

ಜಮೀನು: ಸರ್ವೆ ನಂಬರು 112/2, ಅಳತೆ 4 ಎಕರೆ 20 ಗುಂಟೆ.

ಈ ಜಮೀನು ಹನುಮಂತಪ್ಪ ಅವರ ಹೆಸರಿನಲ್ಲಿದೆ. ಅವರು ತೀರಿಕೊಂಡಿದ್ದಾರೆ. ಅವರ ಹೆಸರು ತೆಗೆದು ಈ ಮೂವರ ಹೆಸರು ಸೇರಿಸಿ ಎಂದು ಪೌತಿ ಅರ್ಜಿ ಬಂದಿದೆ: ಹೆಂಡತಿ ಶರಣಮ್ಮ, ಮಗ ಅಮರೇಶ, ಮಗ ವೀರೇಶ.

ಈ ಜಮೀನಿನಲ್ಲಿ ನಿಮಗೂ ಹಕ್ಕು ಇದ್ದರೆ ಆಕ್ಷೇಪಣೆ ಕೊಡಬಹುದು. ಹನುಮಂತಪ್ಪ ಅವರ ಬೇರೆ ಮಕ್ಕಳು (ಮದುವೆಯಾಗಿ ಬೇರೆ ಊರಲ್ಲಿರುವ ಹೆಣ್ಣುಮಕ್ಕಳೂ ಸೇರಿ), ಅವರ ತಾಯಿ, ಈ ಜಮೀನು ಕೊಂಡವರು, ಇದರ ಮೇಲೆ ಸಾಲ ಕೊಟ್ಟವರು, ಬೇರೆ ಯಾರೇ ಆಗಲಿ ಕೊಡಬಹುದು. 'ನನ್ನ ಹೆಸರೂ ಸೇರಿಸಿ' ಎಂದು ಕೇಳುವುದೂ ಆಕ್ಷೇಪಣೆಯೇ.

ನಿಮ್ಮ ಹೆಸರು, ಊರು, ಈ ಸರ್ವೆ ನಂಬರು, ನಿಮ್ಮ ಮಾತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನಾಡಕಚೇರಿಯಲ್ಲಿ ಕೊಡಿ. ನಿಮ್ಮ ಸಂಬಂಧ ತೋರಿಸುವ ಕಾಗದ ಇದ್ದರೆ ಅದರ ನಕಲು ಸೇರಿಸಿ. ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.

ಜುಲೈ 3ರ ಒಳಗೆ ಯಾರೂ ಆಕ್ಷೇಪಣೆ ಕೊಡದಿದ್ದರೆ, ಆಕ್ಷೇಪಣೆ ಇಲ್ಲ ಎಂದು ತಿಳಿದು ಪಹಣಿಯಲ್ಲಿ ಆ ಮೂವರ ಹೆಸರು ಬರೆಯುತ್ತೇವೆ."

'ನಾಡಕಚೇರಿ' ಅನ್ನುವುದು ಅಧಿಕಾರಿ ಕೊಟ್ಟ ಉತ್ತರ ಎಂದು ಇಟ್ಟುಕೊಂಡು ಬರೆದದ್ದು. ಜಮೀನು ಅನ್ನುವ ಪದವನ್ನೂ ಬೇಕೆಂದೇ ಇಟ್ಟಿದ್ದೇನೆ. ಹೊಲ ಅನ್ನುವುದು ಇನ್ನೂ ಮನೆಮಾತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಕಡೆ ಭತ್ತ ಬೆಳೆಯುವುದನ್ನು ಗದ್ದೆ ಅನ್ನುತ್ತಾರೆ, ಹೊಲ ಅಂದರೆ ಮಳೆ ನಂಬಿದ್ದು ಎಂದು ತಿಳಿಯುವವರಿದ್ದಾರೆ. ಎರಡಕ್ಕೂ ಸಲ್ಲುವುದು ಜಮೀನು. ರಸೀದಿಯ ಸಾಲು ನನ್ನ ಸೇರಿಕೆ ಅಲ್ಲ. ಆಕ್ಷೇಪಣೆ ಬಂದರೆ ಅದನ್ನು ತಕರಾರು ಪ್ರಕರಣಗಳ ರಿಜಿಸ್ಟರಿನಲ್ಲಿ ಬರೆದು, ಕೊಟ್ಟವರಿಗೆ ಸ್ವೀಕೃತಿ ಕೊಡಬೇಕು ಎಂದು 129ನೇ ಕಲಮೇ ಹೇಳುತ್ತದೆ. ಮೂಲ ನೋಟಿಸು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಇನ್ನು ಇದು ತಿಳಿಯುತ್ತದಾ ಎಂದು ನೋಡುವ ಬಗೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ಕ್ಕೂ ಕೊಂಚ ಕಡಿಮೆ ಇತ್ತು, ರಾಜ್ಯದ್ದು ಶೇ 75. ಅಂದರೆ ಎಷ್ಟೋ ಮನೆಗಳಲ್ಲಿ ನೋಟಿಸನ್ನು ಒಬ್ಬರು ಓದುತ್ತಾರೆ, ನಾಲ್ವರು ಕೇಳುತ್ತಾರೆ. ಹಾಗಾಗಿ ಪರೀಕ್ಷೆಯೂ ಹಾಗೇ ಆಗಬೇಕು. ಹೈಸ್ಕೂಲು ಓದುವ ಹುಡುಗಿಯ ಕೈಗೆ ಕೊಟ್ಟು, ಅವಳ ಅಜ್ಜಿಗೆ ಕೇಳಿಸುವ ಹಾಗೆ ಜೋರಾಗಿ ಓದಿಸಿ. ಹುಡುಗಿ ಎಲ್ಲಿ ತಡವರಿಸಿದಳೋ ಆ ಪದ ಗುರುತು ಹಾಕಿ. ಎಲ್ಲಿ ಉಸಿರು ಸಾಲದೆ ನಿಂತಳೋ ಅಲ್ಲಿ ವಾಕ್ಯ ಒಡೆಯಿರಿ.

ಆಮೇಲೆ ಅಜ್ಜಿಯನ್ನು 'ತಿಳೀತೇನಬೇ?' ಎಂದು ಮಾತ್ರ ಕೇಳಬೇಡಿ. 'ಹ್ಞೂಂ, ತಿಳೀತಪ್ಪ' ಅನ್ನುತ್ತಾಳೆ. ಕಚೇರಿಯ ಕಾಗದ ಹಿಡಿದು ಬಂದವರ ಮುಂದೆ ತಿಳಿಯಲಿಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಬದಲಿಗೆ ಕೆಲಸ ಕೊಟ್ಟು ಕೇಳಿ. 'ಯಮ್ಮಾ, ಹನುಮಂತಪ್ಪನ ಮಗಳು ಹುಲಿಗೆಮ್ಮ ನಿನಗ ಫೋನ್ ಮಾಡ್ಯಾಳ ಅಂತ ತಿಳ್ಕೋ. ಅಕೀಗೆ ಏನಂತ ಹೇಳ್ತಿ?' ಎಂದು ಕೇಳಿ. ಅಜ್ಜಿಯ ಉತ್ತರದಲ್ಲಿ 'ಅಕೀ ಹೆಸರಿಲ್ಲ', 'ನಾಡಕಚೇರಿ', 'ಜುಲೈ ಮೂರರೊಳಗ', 'ಬರದು ಕೊಡಬೇಕು' ಅನ್ನುವ ನಾಲ್ಕೂ ಬಂದರೆ ನೋಟಿಸು ಪಾಸು. ತಾರೀಖು ಬರದಿದ್ದರೆ ಅದು ಕೆಳಗೆಲ್ಲೋ ಸಿಕ್ಕಿಕೊಂಡಿದೆ, ಮೇಲೆ ತರಬೇಕು. 'ಆ ಜಮೀನು ಹುಡುಗರ ಪಾಲಾತು ಬಿಡು' ಎಂದರೆ ಕೊನೆಯ ವಾಕ್ಯ ಕೆಟ್ಟಿದೆ ಎಂದು ತಿಳಿಯಿರಿ.

ಡಂಗುರ ಸಾರಿಸುವುದಾದರೆ, ಆಟೋದಲ್ಲಿ ಮೈಕು ಕಟ್ಟಿಸುವುದಾದರೆ, ಈ ಬರಹವನ್ನೇ ಓದಿಸುವುದು ಬೇಡ. ಕಿವಿಗೆ ಬೇಕಾದದ್ದು ಇನ್ನೂ ಚಿಕ್ಕದು. 'ಹನುಮಂತಪ್ಪನವರ ಜಮೀನಿನ ಪಹಣಿ ಹೆಸರು ಬದಲಿ ಆಗ್ತೈತಿ. ಹೆಣ್ಣುಮಕ್ಕಳು, ಗಂಡುಮಕ್ಕಳು, ಯಾರದರ ತಕರಾರ ಇದ್ರ ಜುಲೈ ಮೂರು, ಶುಕ್ರವಾರದೊಳಗ ನಾಡಕಚೇರಿಗೆ ಬರದು ಕೊಡ್ರಿ. ರಸೀದಿ ತಗೊಳ್ರಿ.' ಇಷ್ಟು ಸಾಕು. ಗೋಡೆಗೆ ಹಚ್ಚುವುದನ್ನು ಮಾತ್ರ ಈ ಧಾಟಿಯಲ್ಲಿ ಬರೆಯಬಾರದು ಎಂದು ನನ್ನ ಅನಿಸಿಕೆ. ಐತಿ ಅನ್ನುವ ಊರಿದೆ, ಅದ ಅನ್ನುವ ಊರಿದೆ. ಬರಹದಲ್ಲಿ ಶಾಲೆಯ ಕನ್ನಡದ ಕ್ರಿಯಾಪದ ಇದ್ದರೆ ಎರಡೂ ಊರಿನವರು ಓದುತ್ತಾರೆ.

ಕಚೇರಿಯವರು ಇದಕ್ಕೆ ತೆಗೆಯುವ ತಕರಾರುಗಳಲ್ಲಿ ಒಂದು ಗೌರವದ್ದು. 'ಕೊಡಿ' ಎಂದು ಬರೆದರೆ ಆದೇಶದ ತೂಕ ಹೋಗುತ್ತದಂತೆ, 'ಸಲ್ಲಿಸತಕ್ಕದ್ದು' ಇದ್ದರೆ ಜನ ಹೆದರುತ್ತಾರಂತೆ. ಹೆದರುತ್ತಾರೆ ನಿಜ, ಹೆದರಿ ಏಜೆಂಟರನ್ನು ಹುಡುಕುತ್ತಾರೆ. ಇನ್ನೊಂದು ಮಾತ್ರ ನಿಜವಾದ ಅಡ್ಡಿ. ಈ ನೋಟಿಸುಗಳ ನಮೂನೆ ನಿಯಮದಲ್ಲೇ ನಿಗದಿಯಾಗಿದೆ. ಗ್ರಾಮ ಆಡಳಿತ ಅಧಿಕಾರಿಗೆ ತನ್ನ ಮಟ್ಟದಲ್ಲಿ ಅದನ್ನು ಬದಲಿಸುವ ಅಧಿಕಾರ ಇಲ್ಲ. ಬದಲಿಸಿದರೆ ನಾಳೆ ಯಾರಾದರೂ ನೋಟಿಸೇ ಸರಿಯಿಲ್ಲ ಎಂದು ಕೋರ್ಟಿಗೆ ಹೋಗಬಹುದು.

ನಮೂನೆ ಬದಲಾಗುವ ತನಕ ಮಾಡಬಹುದಾದದ್ದು, ನಿಗದಿತ ನೋಟಿಸಿನ ಪಕ್ಕದಲ್ಲಿ ಈ ಸರಳ ಹಾಳೆಯನ್ನೂ ಹಚ್ಚುವುದು. ಆಗ 'ಎರಡರಲ್ಲಿ ವ್ಯತ್ಯಾಸ ಬಂದರೆ ಮೂಲ ನೋಟಿಸೇ ಅಂತಿಮ' ಎಂದು ಕೆಳಗೆ ಬರೆಯುವುದು ವಾಡಿಕೆ. ಬರೆಯಲಿ. ಆದರೆ ಸರಳ ಹಾಳೆಗೂ ಅದೇ ಅಧಿಕಾರಿ ಓದಿ ಸಹಿ ಹಾಕಬೇಕು. ಸಹಿ ಇಲ್ಲದ ಹಾಳೆಯಲ್ಲಿ ತಾರೀಖು ಒಂದು ದಿನ ತಪ್ಪಿದ್ದರೂ ಅದನ್ನು ನಂಬಿ ಜುಲೈ 4ಕ್ಕೆ ಬಂದವರಿಗೆ ಯಾರೂ ಜವಾಬು ಕೊಡುವುದಿಲ್ಲ.

ಆ ಹಾಳೆಯಲ್ಲಿ ಜಾಗ ಉಳಿದರೆ ಇನ್ನೊಂದು ಸಾಲಿಗೆ ನಾನು ವಕಾಲತ್ತು ಹಾಕುತ್ತೇನೆ. ಹೆಸರು ಬದಲಾದ ಮೇಲೆ ಹುಲಿಗೆಮ್ಮನಿಗೆ ವಿಷಯ ಗೊತ್ತಾದರೆ ಅವಳ ದಾರಿ ಮುಚ್ಚಿಲ್ಲ. ಅದೇ ಕಾಯ್ದೆಯ 136ನೇ ಕಲಮಿನಂತೆ ಗೊತ್ತಾದ ದಿನದಿಂದ 60 ದಿನದೊಳಗೆ ಅಪೀಲು ಹಾಕಬಹುದು. ಅಪೀಲು ಕೇಳುವವರು ಉಪವಿಭಾಗದ ಸಹಾಯಕ ಆಯುಕ್ತರು, ಜನರ ಬಾಯಲ್ಲಿ ಎಸಿ ಸಾಹೇಬರು. 'ಹೆಸರು ಬದಲಾದ ಮೇಲೆ ಗೊತ್ತಾದರೆ 60 ದಿನದೊಳಗೆ ಎಸಿ ಕಚೇರಿಯಲ್ಲಿ ಅಪೀಲು ಹಾಕಬಹುದು.' ಮೂಲ ನೋಟಿಸಿನಲ್ಲಿ ಇದು ಇಲ್ಲ, ಆದ್ದರಿಂದ ಸೇರಿಸುವ ಮುನ್ನ ಅಧಿಕಾರಿಯ ಒಪ್ಪಿಗೆ ಬೇಕು. ಕೆಲವರು ಬೇಡ ಅನ್ನಬಹುದು, ಅಪೀಲು ಜಾಸ್ತಿಯಾಗುತ್ತವೆ ಎಂದು.